ಏಳು ಅಡ್ಡ: ಒಂದು ವಾಚಕರ ಪತ್ರಕ್ಕೆ ಸಮಗ್ರ ಭಾಷ್ಯ

ಕನ್ನಡದಲ್ಲಿ ಶಾಸನಶಾಸ್ತ್ರ ಬೆಳೆದಷ್ಟು ವಾಚಕರವಾಣಿಶಾಸ್ತ್ರ ಬೆಳೆದಿಲ್ಲ. ಆ ಕೊರತೆ ನೀಗಲೆಂದು ಪತ್ರವೊಂದರ ಮೂಲಪಾಠವನ್ನು ಸಂಪಾದಿಸಿ ವಿದ್ವಜ್ಜನರ ಮುಂದಿಡುತ್ತಿದ್ದೇವೆ. ಕರ್ತೃ ಬೆಂಗಳೂರಿನ ಒಬ್ಬ ನಿವೃತ್ತ ಪದಬಂಧಪ್ರಿಯರು. ಪತ್ರದಲ್ಲಿ ತೇದಿ ಇಲ್ಲ. ಅಂಚಿನ ಕಾಫಿ ಕಲೆಯ ಆಧಾರದಿಂದ, ಪೇಪರು ಬಂದ ಮೇಲೆ ಮತ್ತು ಸ್ನಾನಕ್ಕೆ ಮೊದಲು ಇದರ ರಚನೆಯಾಯಿತೆಂದು ಊಹಿಸಬಹುದು.

ಮೂಲಪಾಠ ಹೀಗಿದೆ: “ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನಿನ್ನೆಯ ಪದಬಂಧದಲ್ಲಿ ಏಳು ಅಡ್ಡ, ‘ಕಮಲ (3)’ ಎಂಬ ಸುಳಿವಿಗೆ ನಾನು ನೀರಜ ಎಂದು ತುಂಬಿದ್ದೆ. ಇಂದು ತಾವು ಪಂಕಜ ಎಂದು ಉತ್ತರ ಹಾಕಿದ್ದೀರಿ. ನನ್ನ ನೀರಜ ಏನು ತಪ್ಪು ಮಾಡಿದಳು? ಪಕ್ಕದ ಮನೆಯವರು ಜಲಜ ಎಂದು ಬರೆದು, ತಮ್ಮದೂ ಸರಿ ಎನ್ನುತ್ತಿದ್ದಾರೆ. ಅವರದ್ದಾದರೂ ತಪ್ಪೆಂದು ದಯವಿಟ್ಟು ಪ್ರಕಟಿಸಿ.”

ಮೊದಲಿಗೆ ‘ಮಾಡಿದಳು’ ಎಂಬ ಸ್ತ್ರೀಲಿಂಗದ ವಿಚಾರ. ನೀರಜ ಎಂಬುದು ಕರ್ತೃವಿನ ಮಡದಿಯ ಹೆಸರಿರಬೇಕೆಂದು ಜೀವನಚರಿತ್ರೆಯ ಪಂಥದವರು ವಾದಿಸುತ್ತಾರೆ. ಅವರ ಮಡದಿ ಪದ್ಮಾವತಮ್ಮನವರೆಂದು ರೇಷನ್ ಕಾರ್ಡು ಹೇಳುವುದರಿಂದ ಆ ವಾದ ನಿಲ್ಲುವುದಿಲ್ಲ. (ಪದ್ಮವೂ ಕಮಲವೇ ಎಂದು ಯಾರೋ ಹಿಂದಿನ ಸಾಲಿನಿಂದ ಕೂಗಿದ್ದನ್ನು ನಾವು ಕೇಳಿಸಿಕೊಂಡಿಲ್ಲ.)

ಇನ್ನು ಸಮಸ್ಯೆಯ ಹೂರಣ. ‘ಜ’ ಎಂದರೆ ಹುಟ್ಟಿದ್ದು. ನೀರಿಗೆ ಸಂಸ್ಕೃತದಲ್ಲಿ ಎಷ್ಟು ಹೆಸರುಗಳಿವೆಯೋ ಹೆಚ್ಚುಕಡಿಮೆ ಅಷ್ಟೂ ಹೆಸರಿನ ಬಾಲಕ್ಕೆ ಒಂದು ಜಕಾರ ಅಂಟಿಸಿದರೆ ಕಮಲ ಸಿದ್ಧ: ನೀರಜ, ಜಲಜ, ವಾರಿಜ, ಅಂಬುಜ, ತೋಯಜ. ವನ ಎಂಬುದಕ್ಕೂ ನೀರೆಂಬ ಅರ್ಥವಿರುವುದರಿಂದ ವನಜ. ಕೊಳದಲ್ಲಿ ಹುಟ್ಟಿದರೆ ಸರೋಜ, ಕೆಸರಲ್ಲಿ ಹುಟ್ಟಿದರೆ ಪಂಕಜ. ಒಟ್ಟು ಎಂಟು ಹೆಸರು. ಗುಣಿತವಾಗಲಿ ಸೊನ್ನೆಯಾಗಲಿ ಕನ್ನಡ ಪದಬಂಧದಲ್ಲಿ ಅಕ್ಷರದ ಜೊತೆಗೇ ಒಂದೇ ಮನೆಯಲ್ಲಿ ಕೂರುವ ಕಾರಣ, ಎಂಟಕ್ಕೂ ಸರಿಯಾಗಿ ಮೂರೇ ಮನೆ ಸಾಕು.

ಹಾಗಾದರೆ ಎಂಟರಲ್ಲಿ ಒಂದನ್ನು ಆರಿಸುವವರು ಯಾರು? ಮೇಲಿಂದ ಇಳಿದು ಬರುವ ಪದ. ಇದು ಪದಬಂಧದ ನ್ಯಾಯಸ್ಥಾನ. ನಾವು ಪೆನ್ಸಿಲು ಹಿಡಿದು ಪರಿಶೀಲಿಸಿದೆವು. ಮೊದಲ ಮನೆಯಲ್ಲಿ ಅಡ್ಡಹಾಯ್ದಿದ್ದರೆ ನೀ, ಜ, ವಾ, ಅಂ, ತೋ, ವ, ಸ, ಪಂ ಎಂದು ಎಂಟೂ ಬೇರೆಬೇರೆ. ವ್ಯಾಜ್ಯ ಅಲ್ಲಿಗೇ ಇತ್ಯರ್ಥ. ನಡುಮನೆಯಲ್ಲಿ ಹಾಯ್ದಿದ್ದರೂ ರ, ಲ, ರಿ, ಬು, ಯ, ನ, ರೋ, ಕ ಎಂದು ಎಂಟೂ ಬೇರೆ. ಮೂರನೆಯ ಮನೆಯಲ್ಲಿ ಮಾತ್ರ ಎಂಟಕ್ಕೂ ಒಂದೇ ಜ. ಪದಬಂಧಕಾರರು ‘ಮನೆಯ ಮುಂದಿನ ಕಟ್ಟೆ (3)’ ಎಂಬ ಸುಳಿವಿನ ಜಗಲಿಯನ್ನು ಇಳಿಸಿದ್ದು ಸರಿಯಾಗಿ ಆ ಮೂರನೆಯ ಮನೆಯಿಂದ! ಉಳಿದೆರಡು ಮನೆಗಳ ಮೇಲೂ ಕೆಳಗೂ ಕಪ್ಪು ಚೌಕ. ಸಾಕ್ಷಿ ಹೇಳಲು ಬಂದದ್ದು ಒಂದೇ ಅಕ್ಷರ, ಅದೂ ಎಲ್ಲ ಕಕ್ಷಿಗಳಿಗೂ ನೆಂಟ.

ಇದಕ್ಕೆ ಪೂರ್ವನಿದರ್ಶನ ಉಂಟೇ? 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದ ಮೇಲೆ ನಡೆದ ಕಿತಾಪತಿಗಳಲ್ಲಿ ಶ್ರೇಷ್ಠವಾದದ್ದು ಒಂದಿದೆ. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ನ್ಯೂಯಾರ್ಕ್ ಟೈಮ್ಸ್ ಪದಬಂಧದಲ್ಲಿ ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಏನೆಂದು ಕೇಳಿತ್ತು. ಗೆದ್ದವರ ಹೆಸರಿಗೆ ಏಳು ಮನೆ. ಇಂಗ್ಲಿಷಿನಲ್ಲಿ ಕ್ಲಿಂಟನ್ ಎಂದರೂ ಏಳು, ಬಾಬ್ ಡೋಲ್ ಎಂದರೂ ಏಳು. ರಚಿಸಿದ ಜೆರೆಮಯಾ ಫ್ಯಾರೆಲ್, ಮೇಲಿಂದಿಳಿಯುವ ಏಳೂ ಪದಗಳಿಗೆ ಎರಡೆರಡು ಉತ್ತರ ಹೊಂದುವಂತೆ ಸುಳಿವು ಕೊಟ್ಟಿದ್ದರು. ಹ್ಯಾಲೋವೀನಿನ ಕಪ್ಪು ಪ್ರಾಣಿ ಎಂದರೆ ಬೆಕ್ಕೂ ಸರಿ, ಬಾವಲಿಯೂ ಸರಿ. ‘ಕ್ಯಾಟ್’ ಬರೆದವರಿಗೆ ಕ್ಲಿಂಟನ್, ‘ಬ್ಯಾಟ್’ ಬರೆದವರಿಗೆ ಡೋಲ್. ಪತ್ರಿಕೆ ಪಕ್ಷಪಾತ ಮಾಡಿದೆಯೆಂದು ಓದುಗರು ಸಂಪಾದಕ ವಿಲ್ ಶಾರ್ಟ್ಜ್ ಅವರ ಮೇಲೆ ಮುಗಿಬಿದ್ದರು. ಕನ್ನಡದಲ್ಲಿ ಈ ಆಟ ಸಾಗದು: ಕ್ಲಿಂ-ಟ-ನ್ ಮೂರು ಮನೆ, ಬಾ-ಬ್-ಡೋ-ಲ್ ನಾಲ್ಕು. ನಮ್ಮ ಲಿಪಿಯಲ್ಲಿ ಡೋಲ್ ಒಂದು ಮನೆಯ ಅಂತರದಿಂದ ಗೆದ್ದಂತೆ.

ಆದರೆ ಅಲ್ಲಿ ಎರಡು ಉತ್ತರ ಬಂದದ್ದು ಏಳು ಮನೆಗಳಲ್ಲೂ ಹೆಣೆದ ಜಾಣತನದಿಂದ. ಇಲ್ಲಿ ಎಂಟು ಬಂದದ್ದು ಎರಡು ಮನೆಗಳನ್ನು ಅನಾಥವಾಗಿ ಬಿಟ್ಟದ್ದರಿಂದ. ಮನೆಗಳನ್ನು ಒಂದು ಬಿಟ್ಟು ಒಂದು ಹೆಣೆಯುವ ಸಾಮಾನ್ಯ ಕ್ರಮವನ್ನು ಪಾಲಿಸಿದ್ದರೆ, ಮೂರು ಮನೆಯ ಪದಕ್ಕೆ ಎರಡು ತುದಿಯಾದರೂ ಇಲ್ಲವೇ ನಡುವಾದರೂ ಸಿಕ್ಕಿ ಒಂದೇ ಕಮಲ ಉಳಿಯುತ್ತಿತ್ತು. ಚೌಕಟ್ಟು ಬದಲಿಸಲು ಸೋಮಾರಿತನವಾದರೆ ಸುಳಿವನ್ನಾದರೂ ‘ಕೆಸರಲ್ಲಿ ಹುಟ್ಟಿದ್ದು’ ಎಂದು ಬಿಗಿ ಮಾಡಬಹುದಿತ್ತು.

ಆದ್ದರಿಂದ ನಮ್ಮ ತೀರ್ಪು: ನೀರಜ ನಿರ್ದೋಷಿ. ಜಲಜಳೂ ನಿರ್ದೋಷಿ, ಕರ್ತೃವಿಗೆ ಇದು ಎಷ್ಟೇ ಕಹಿಯಾಗಲಿ. ಸಂಪಾದಕರು ನಾಳಿನ ಸಂಚಿಕೆಯಲ್ಲಿ ಏಳು ಅಡ್ಡಕ್ಕೆ ಎಂಟೂ ಉತ್ತರಗಳನ್ನು ಒಪ್ಪಿ ತಿದ್ದುಪಡಿ ಹಾಕತಕ್ಕದ್ದು.