ಹೆಸರು ಕೆಡಿಸಿದ ಹೆಸರು

ನನ್ನ ದೋಸ್ತ ಮದುವೆ-ಮುಂಜಿಯ ಫೋಟೋ ಹೊಡೆಯುವವನಲ್ಲ, ಹೊಲದ ಫೋಟೋ ಹೊಡೆಯುವವನು. ಅಣ್ಣಿಗೇರಿ ಹತ್ತಿರದ ನಮ್ಮೂರಿಗೆ ಅವನೇ ಬೆಳೆ ಸಮೀಕ್ಷೆಯ ‘ಪಿಆರ್’. ಕಾಗದಪತ್ರದಲ್ಲಿ ಇದಕ್ಕೆ ‘ಖಾಸಗಿ ನಿವಾಸಿ’ ಎನ್ನುತ್ತಾರೆ. ಹಾಗೆ ನೋಡಿದರೆ ನಮ್ಮೂರಿನ ನಾಯಿಗಳೂ ಖಾಸಗಿ ನಿವಾಸಿಗಳೇ. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಮೊಬೈಲ್ ಹಿಡಿದು ಸರ್ವೆ ನಂಬರಿನ ಪ್ರಕಾರ ಹೊಲಹೊಲ ತಿರುಗಿ, ಯಾವ ಬೆಳೆ ನಿಂತಿದೆ ಎಂದು ಬರೆದು ಫೋಟೋ ಹಾಕುವುದು ಅವನ ಕೆಲಸ. ಹೊಲದಲ್ಲಿ ನಿಂತೇ ಹೊಡೆಯಬೇಕು, ಚಾದಂಗಡಿಯಲ್ಲಿ ಕೂತು ಮುಗಿಸುವಂತಿಲ್ಲ. ಪ್ಲಾಟಿಗಿಷ್ಟು ಎಂದು ಬರುವ ಹಣ ಪೆಟ್ರೋಲಿಗೂ ಎರಿಮಣ್ಣಿನಲ್ಲಿ ಕಿತ್ತುಹೋದ ಚಪ್ಪಲಿಗೂ ಸರಿಹೋಗುತ್ತದೆ.

ಮುಂಗಾರಿನಲ್ಲಿ ಊರಿನ ಹಿರಿಯರೊಬ್ಬರು ಹೆಸರಿಗೆ ವಿಮೆ ತುಂಬಿ, ಹೊಲಕ್ಕೆ ಹತ್ತಿ ಹಾಕಿದರು. ಇವನು ಹೋದಾಗ ಮೊಣಕಾಲುದ್ದ ಹತ್ತಿ ನಿಂತಿತ್ತು. ಹತ್ತಿ ಎಂದು ಬರೆದು, ಹತ್ತಿಯ ಫೋಟೋ ಹಾಕಿ ಬಂದ. ವಿಮೆ ತುಂಬಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಹಿರಿಯರದೂ ಆಯಿತು. ಬಾಜೂ ಹೊಲದವನಿಗೆ ಪರಿಹಾರ ಜಮಾ ಆದ ದಿನ ಸಾಯಂಕಾಲವೇ ಮಾತು ಹುಟ್ಟಿತು: “ರೊಕ್ಕ ಕೊಟ್ಟವರಿಗೆ ಹೆಸರು, ಕೊಡದವರಿಗೆ ಹತ್ತಿ.”

ನಮ್ಮೂರ ಕಟ್ಟೆಯ ಮಾತಿನಲ್ಲಿ ದೋಸ್ತ ಪ್ಲಾಟಿಗೆ ನೂರು ರೂಪಾಯಿ ತಗೊಂಡಿದ್ದ. ಅಣ್ಣಿಗೇರಿ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅದು ಐನೂರಾಯಿತು. ನವಲಗುಂದ ಸಂತೆಯಲ್ಲಿ ಹೊಸ ಗಾಡಿ ಕೊಂಡ, ಕುಂದಗೋಳದ ಬೀಗರ ಮನೆಯಲ್ಲಿ ಹುಬ್ಬಳ್ಳಿಯಾಗ ಪ್ಲಾಟ್ ಹಿಡಿದ. ಆ ಹೊತ್ತಿಗೆ ನಿಜವಾದ ದೋಸ್ತ ತನ್ನ ಹಳೇ ಗಾಡಿಗೆ ಕಿಕ್ ಹೊಡೆದು ಹೊಡೆದು ಸುಸ್ತಾಗಿ, ಅದನ್ನು ದಬ್ಬಿಕೊಂಡು ಬರುತ್ತಿದ್ದ.

ಹಿಂಗಾರಿ ಸಮೀಕ್ಷೆ ಎದುರಿಗೆ ಬಂದಾಗ ಅವನು ಮನೆ ಬಿಟ್ಟು ಹೊರಬೀಳುವುದನ್ನೇ ನಿಲ್ಲಿಸಿದ. ಸಮಾಧಾನ ಮಾಡಲು ಮೊಬೈಲಿನಲ್ಲಿ ಮಂದಿ ಮುಗಿಬಿದ್ದರು. ಒಬ್ಬ, ಹಣ್ಣಿನ ಮರಕ್ಕೇ ಕಲ್ಲು ಹೊಡೆಯುತ್ತಾರೆಂಬ ಸೂರ್ಯೋದಯದ ಚಿತ್ರ ಕಳಿಸಿದ. ಇನ್ನೊಬ್ಬ, ಯಾರು ಯಾರು ಏನೇನು ಅಂದರು ಎಂಬುದನ್ನು ಹೆಸರು, ವೇಳೆ ಸಮೇತ ಉದ್ದನೆಯ ವಾಯ್ಸ್ ಮೆಸೇಜಿನಲ್ಲಿ ಒಪ್ಪಿಸಿ, ಕೊನೆಗೆ “ಇದನ್ನೆಲ್ಲಾ ಮನಸಿಗೆ ಹಚ್ಚಿಕೋಬ್ಯಾಡ” ಎಂದ. ಮೂರನೆಯವನದು ಎಲ್ಲಕ್ಕಿಂತ ಪ್ರೀತಿಯ ಮಾತು: “ತಗೊಂಡಿದ್ರೂ ತಪ್ಪಿಲ್ಲ ಬಿಡೋ, ಯಾರು ತಗೊಳ್ಳಂಗಿಲ್ಲ?”

ಇವನ್ನೆಲ್ಲ ಅವನೇ ನನಗೆ ಓದಿ ತೋರಿಸಿದ. ಆಗ ನನಗೆ ಹೊಳೆದದ್ದು, ಈ ಮಂದಿ ಎರಡು ವಿಳಾಸ ಅದಲು ಬದಲು ಮಾಡಿದ್ದಾರೆ. ಆಪಾದನೆಯ ವಿವರ ಅವನಿಗೆ ಬೇಕಿಲ್ಲ, ಅದು ಅವನಿಗೆ ಬಾಯಿಪಾಠವಾಗಿದೆ. ವಿವರ ಬೇಕಾಗಿರುವುದು ಚಾದಂಗಡಿಗೆ. ಅಲ್ಲಿ ಮಾತ್ರ ಇದೇ ಹಿತೈಷಿಗಳು ಮಿರ್ಚಿ ಕಡಿಯುತ್ತ “ಯಾರಿಗ್ಗೊತ್ತಪಾ” ಎಂದು ತಲೆಯಾಡಿಸುತ್ತಿದ್ದರು.

ನಾನು ಮನೆಗೆ ಬಂದು ಬರೆದು ಕಳಿಸಿದ್ದು ಇಷ್ಟೇ: “ದೋಸ್ತಾ, ನಾ ಇದನ್ನ ನಂಬಿಲ್ಲ, ನಂಬೂದೂ ಇಲ್ಲ. ನಿನ್ನ ಕೇಳೂದು ಏನೂ ಇಲ್ಲ. ನನ್ನ ಮುಂದ ಯಾರರ ಮಾತ ತಗದ್ರ ಅಲ್ಲೇ ಉತ್ತರಾ ಕೊಡ್ತೀನಿ, ಬಂದು ನಿನಗ ವರದಿ ಒಪ್ಪಿಸಂಗಿಲ್ಲ. ನಾಳೆ ಮುಂಜಾನೆ ಹೊಲಕ್ಕ ಹೊಂಟೇನಿ, ನಿನ್ನ ಮನಿ ಮುಂದ ಹಾಯ್ದು ಹೋಗ್ತೀನಿ. ಬರೂದಾದ್ರ ಬಾ, ಮಾತಾಡಬೇಕಂತಿಲ್ಲ.”

ಸತ್ಯ ಗೆಲ್ಲುತ್ತದೆ ಎಂದು ಬರೆಯಲಿಲ್ಲ. ಗೆದ್ದರೂ ಅದು ಕುಂದಗೋಳದ ಬೀಗರ ಮನೆಯವರೆಗೆ ಯಾವಾಗ ಮುಟ್ಟುತ್ತದೋ ಹೇಳಲಾಗದು. ಅಂದವರಿಗೆ ಬುದ್ಧಿ ಕಲಿಸುತ್ತೇನೆ ಎಂದೂ ಬರೆಯಲಿಲ್ಲ. ಕಲಿಸಲು ಹೋದರೆ ಜಗಳ ನನ್ನದಾಗುತ್ತದೆ, ಸುದ್ದಿ ಮಾತ್ರ ಮತ್ತೆ ಅವನದೇ.

ಉಳಿದ ವಿವರವನ್ನು ಚಾದಂಗಡಿಗೆ ಒಯ್ದೆ. ಮಾತು ತಾನಾಗಿಯೇ ಬಂತು, ಅದು ಅಲ್ಲಿ ದಿನಾ ಬರುತ್ತಿತ್ತು. ನಾನು ಹಿರಿಯರ ಪಕ್ಕ ಕೂತು ಕೇಳಿದೆ: “ಕಾಕಾ, ಹತ್ತಿ ಬಿಡಿಸೂದು ಮುಗೀತೇನು?” ಕಾಕಾ ಹುರುಪಿನಿಂದ, ಎರಡನೇ ಸಲದ್ದು ನಡೆದಿದೆ, ಕೂಲಿ ಆಳು ಸಿಗುತ್ತಿಲ್ಲ ಎಂದರು. “ಹೆಸರಿನ ವಿಮಾ ತುಂಬಿದ ಹೊಲದಾಗನs ಏನು?” ಎಂದೆ. ಚಾದ ಕಪ್ಪುಗಳೆಲ್ಲ ಸ್ವಲ್ಪ ಹೊತ್ತು ಬಸಿಯ ಮೇಲೆಯೇ ನಿಂತವು. ತಕರಾರಿದ್ದರೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತಮ್ಮ ಹೊಲದ ಫೋಟೋ ತಾವೇ ನೋಡಿ, ಗಡುವಿನೊಳಗೆ ಆಕ್ಷೇಪಣೆ ಹಾಕಬಹುದಿತ್ತು ಎಂದೂ ಹೇಳಿದೆ. ಕಾಕಾ ತಮ್ಮ ಮೊಬೈಲಿನಲ್ಲಿ ಜಾಗ ಇಲ್ಲ ಎಂದರು. ಅದು ಸುಳ್ಳಲ್ಲ, ತುಂಬ ಸೂರ್ಯೋದಯಗಳೇ ಇದ್ದವು. ಮಾತು ಪೂರ್ತಿ ಸತ್ತಿತೆಂದೇನೂ ಅಲ್ಲ. ಹುಬ್ಬಳ್ಳಿಯ ಪ್ಲಾಟು ಈಗಲೂ ಕುಂದಗೋಳದಲ್ಲಿ ಅವನ ಹೆಸರಿಗೇ ಇದೆ.

ಮರುದಿನ ದೋಸ್ತ ಬಂದ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮೊಬೈಲು. ಮಾತಿಲ್ಲದೆ ಇಬ್ಬರೂ ನನ್ನ ಹೊಲ ಮುಟ್ಟಿದೆವು. ಬದುವಿನ ಮೇಲೆ ನಿಂತು ನೋಡಿದವನೇ ಅಂದ: “ಹೇಳಿಬಿಡ್ತೀನಿ, ದೋಸ್ತ ಅಂತ ಬಿಡಂಗಿಲ್ಲ. ಇಲ್ಲಿ ಕಡ್ಲಿಕಿಂತ ಕಸಾನs ಭಾಳ ಐತಿ.”