ಅಣೆಕಟ್ಟೆಯ ಮೇಲೆ ಹೇಳಬೇಡಪ್ಪ

ಭೈರವಾನಿತಿಪ್ಪದ ಹುಡುಗನಿಗೆ ಗೆಳತಿಯ ಮೇಲೆ ಮನಸ್ಸಾದರೆ ಮೊದಲು ಹೊಳೆಯುವ ಜಾಗ ವೇದಾವತಿಯ ಅಣೆಕಟ್ಟೆ. ನೀರಿದ್ದ ವರ್ಷ ನೋಟ ಚೆಂದವೇ. ಆದರೆ ಅವನ ಬೈಕಿನಲ್ಲಿ ಬಂದವಳು ‘ಒಲ್ಲೆ’ ಅಂದಮೇಲೆ ಅದೇ ಬೈಕಿನ ಹಿಂದೆ ಕೂತು ವಾಪಸ್ಸಾಗಬೇಕಲ್ಲ!

ರಾಯದುರ್ಗದ ಜೀನ್ಸ್ ಹೊಲಿಗೆ ಕೆಲಸಕ್ಕೆ ಹೋಗುವ ನಮ್ಮ ಗೆಳೆಯನೊಬ್ಬ ಹೈಸ್ಕೂಲಿನ ಗೆಳತಿಗೆ ಅವಳ ಹುಟ್ಟುಹಬ್ಬದ ದಿನ, ಕೇಕಿನ ಮುಂದೆ, ಹತ್ತು ಜನರೆದುರು ಹೇಳಲು ಹೊರಟಿದ್ದ. ತೆಲುಗು ಸಿನಿಮಾ ಡೈಲಾಗೂ ಬಾಯಿಪಾಠವಾಗಿತ್ತು. ಹತ್ತು ಜನ ಚಪ್ಪಾಳೆ ತಟ್ಟುವಾಗ ಬೇಡ ಅನ್ನುವುದಾದರೂ ಹೇಗೆ? ಬೈದು ನಿಲ್ಲಿಸಿದೆವು.

ಕೊನೆಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಅವಳ ಬಸ್ಸು ಹೊರಡುವುದಕ್ಕೆ ಸ್ವಲ್ಪ ಮುಂಚೆ ಹೇಳಿದ: “ನೋಡೇ, ನಿನ್ನ ಮೇಲೆ ನನಗೆ ಸ್ನೇಹಕ್ಕಿಂತ ಜಾಸ್ತಿ ಐತೆ. ಈಗ್ಲೇ ಉತ್ತರ ಬ್ಯಾಡ. ಆಗಲ್ಲ ಅಂದ್ರೆ ಸ್ವಲ್ಪ ದಿನ ಮಂಕಾಗಿರ್ತೀನಿ, ಅದು ನಿನ್ನ ತಪ್ಪಲ್ಲ.”

ಅವಳು ಬನ್ನನ್ನು ಟೀಯಲ್ಲಿ ಅದ್ದಿ, “ಯೋಚ್ನೆ ಮಾಡ್ತೀನಿ ಕಣೋ. ದುಡ್ಡು ನೀನೇ ಕೊಡು” ಅಂದು ಬಸ್ಸು ಹತ್ತಿದಳು.

‘ಯೋಚ್ನೆ’ಯನ್ನು ಅರ್ಧ ಒಪ್ಪಿಗೆ ಅಂದುಕೊಂಡು ದಿನಾ ಕೇಳುವವರಿದ್ದಾರೆ; ಇದ್ದ ಸ್ನೇಹ ಕೆಡುವುದು ಅಲ್ಲೇ. ಇವನು ಕೇಳಲಿಲ್ಲ. ಆ ವಾರವೇ ‘ಇಲ್ಲ ಕಣೋ’ ಬಂತು. ‘ಯಾಕೆ’ ಎಂದೂ ಕೆದಕಲಿಲ್ಲ. ಕೆದಕಿದರೆ ಅದು ವಾದ ಹೂಡಿದಂತೆಯೇ. ರಾತ್ರಿಯ ಫೋನುಗಳು ನಿಂತವು, ಒಟ್ಟಿಗೆ ಓಡಾಟವೂ ಕಮ್ಮಿ. ಅವಳಮ್ಮ ಹೋಳಿಗೆ ಮಾಡಿದರೆ ಡಬ್ಬಿ ಮಾತ್ರ ಇವತ್ತಿಗೂ ಬರುತ್ತದೆ. ತರುವವನು ಅವಳ ತಮ್ಮ. ದಾರಿಯಲ್ಲಿ ಎರಡು ಖಾಲಿ.