ತಿಥಿ ಅಣ್ಣನದು, ತಾರೀಖು ನಿನ್ನದು

ಇವತ್ತು ನವೆಂಬರ್ 27, ಗುರುವಾರ. ನಿಮ್ಮನೆ ಫೋನು ಬೆಳಗಿನಿಂದ ಸುಮ್ಮನೆ ಬಿದ್ದಿರಬೇಕು ಕಣೇ. ಮೊನ್ನೆ 16ನೇ ತಾರೀಖು ಭಾನುವಾರ ಚಾಮರಾಜಪೇಟೆಯಲ್ಲಿ ನಿಮ್ಮಣ್ಣನ ಮನೇಲಿ ನಿಮ್ಮಮ್ಮನ ವರ್ಷಾಂತ್ಯ ಆಯ್ತಲ್ಲ, ಮಾತಾಡಿಸಬೇಕಾದವರೆಲ್ಲ ಅವತ್ತೇ ಬಂದು, ಎರಡನೇ ಪಂಕ್ತಿಯಲ್ಲಿ ಊಟ ಮಾಡಿ, 'ನೋಡನೋಡ್ತಾ ವರ್ಷ ಆಗೇಹೋಯ್ತಲ್ಲಮ್ಮ' ಅಂತ ನಿನ್ನ ಬೆನ್ನು ಸವರಿ ಹೊರಟರು. ಅವರ ಲೆಕ್ಕದಲ್ಲಿ ವರ್ಷ ಮುಗೀತು. ನಿನ್ನ ಲೆಕ್ಕದಲ್ಲಿ ಅದು ತುಂಬೋದು ಇವತ್ತು, ಅಲ್ವಾ? ಇದನ್ನ ಕಾಂಪೌಂಡು ಗೋಡೆ ಹತ್ತಿರ ನಿಂತೇ ಹೇಳಬಹುದಿತ್ತು. ಆದರೆ ನಮ್ಮಿಬ್ಬರ ಮಾತು ಗೊತ್ತಲ್ಲ, 'ಕಾವೇರಿ ನೀರು ಬಂತಾ' ಅಂತ ಶುರುವಾಗಿ ಸೊಪ್ಪಿನವಳ ಜಗಳದಲ್ಲಿ ಮುಗಿಯತ್ತೆ. ಅದಕ್ಕೇ ಬರೆದು ನಿಮ್ಮ ಹುಡುಗನ ಕೈಲಿ ಕಳಿಸ್ತಿದೀನಿ. ಪುರುಸೊತ್ತಾದಾಗ ಓದ್ಕೋ.

ಅವತ್ತು ಹಜಾರದ ಮೂಲೇಲಿ ಕೂತು ನೀನು ಕೇಳಿದ್ದೆ, 'ಅಮ್ಮ ಹೋಗಿದ್ದು 27ಕ್ಕೆ, ಇವರು 16ಕ್ಕೇ ಯಾಕೆ ಮಾಡ್ತಿದಾರೆ' ಅಂತ. ಕಾರಣ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅಲ್ಲ ಅದು, ನಂಗೆ ಗೊತ್ತು. ಆದರೂ ಕೇಳಿದೀಯಾ ಅಂತ ಹೇಳ್ತೀನಿ. ಕಳೆದ ವರ್ಷ ನವೆಂಬರ್ 27 ಬುಧವಾರ, ಕಾರ್ತಿಕ ಬಹುಳ ದ್ವಾದಶಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಹತ್ತಿರ ಹತ್ತಿರ 354 ದಿನ, ಗೋಡೆ ಕ್ಯಾಲೆಂಡರಿನ ವರ್ಷ 365. ಹಾಗಾಗಿ ಅದೇ ದ್ವಾದಶಿ ಈ ಸಲ ಹನ್ನೊಂದು ದಿನ ಮುಂಚೆಯೇ ಬಂತು. ಪಂಚಾಂಗ ಕೈಲಿ ಹಿಡಿಯದೇ ಇದನ್ನ ನೋಡಬೇಕು ಅಂದರೆ ನಮ್ಮ ಬಸವನಗುಡಿಯವರಿಗೆ ಕಡಲೆಕಾಯಿ ಪರಿಷೆ ಇದ್ದೇ ಇದೆ. ಕಾರ್ತಿಕದ ಕೊನೇ ಸೋಮವಾರ ಅಂತ ಕಟ್ಟು ಮಾಡಿರೋದರಿಂದ ಅದೂ ಚಂದ್ರನ ಹಿಂದೆಯೇ ಓಡಾಡತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದು ಪರಿಷೆ ಡಿಸೆಂಬರ್ 11ಕ್ಕೆ ಹೋಗಿತ್ತು, ಸ್ವೆಟರ್ ಹಾಕ್ಕೊಂಡು ಹೋಗಿದ್ವಿ, ನೆನಪಿದೆಯಾ? 2024ರಲ್ಲಿ ನವೆಂಬರ್ 25. ಈ ವರ್ಷ ನವೆಂಬರ್ 17.

ಈಗ ಲೆಕ್ಕ ನೋಡು. ಕಳೆದ ವರ್ಷ ಸೋಮವಾರ ಪರಿಷೆ, ಬುಧವಾರ ನಿಮ್ಮಮ್ಮ ಇಲ್ಲ. ಈ ವರ್ಷ ಭಾನುವಾರ ಅವರ ತಿಥಿ, ಸೋಮವಾರ ಪರಿಷೆ. ಮುಂಚೆ ಹೇಗೆ ಪರಿಷೆಯ ಹಿಂದಿನ ದಿನವೇ ಆಟೋ ಹಿಡಿದು ಚಾಮರಾಜಪೇಟೆಯಿಂದ ಬಂದು ನಿಮ್ಮನೇಲಿ ಬೀಡು ಬಿಡ್ತಿದ್ದರೋ, ಹಾಗೇ ಈ ಸಲಾನೂ ಒಂದು ದಿನ ಮುಂಚೆ ಬಂದಿದಾರೆ! ನಗಬೇಡ ಅಂದ್ಕೊಂಡು ಬರೀತಿದ್ದೆ, ನಕ್ಕರೂ ಪರವಾಗಿಲ್ಲ.

ಎಷ್ಟು ಚೀಲ ತರ್ತಿದ್ದರು ಅಂತೀನಿ. ಕಡಲೆಕಾಯಿ ಚಾಮರಾಜಪೇಟೆಯಲ್ಲೂ ಸಿಗತ್ತೆ, ಆದರೆ ಬುಲ್ ಟೆಂಪಲ್ ರಸ್ತೇಲಿ ಗುಡ್ಡೆ ಹಾಕ್ಕೊಂಡು ಕೂತವರ ಹತ್ತಿರವೇ ಕೊಳ್ಳಬೇಕು ಅವರಿಗೆ. ಮೊದಲ ಗುಡ್ಡೆಯವನ ಹತ್ತಿರ ಬರೀ ರುಚಿ ನೋಡೋದು. ಎರಡನೆಯವನ ಹತ್ತಿರ ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋದು. ಗಡಗಡ ಅಂದರೆ ಒಣಗಿದ್ದು, ಸದ್ದಿಲ್ಲದಿದ್ದರೆ ಹಸಿ. ಮೂರನೆಯವನ ಹತ್ತಿರ ವ್ಯಾಪಾರ. ಸೇರಿಗೆ ತಲೆ ಕಟ್ಟಿ ಅಳೆಸಿದ ಮೇಲೆ 'ಕೊಸರು ಹಾಕಪ್ಪ' ಅಂತ ಸೆರಗು ಒಡ್ಡೋದು. ಅವನು ಒಂದು ಹಿಡಿ ಹಾಕಿದರೆ, 'ಇದು ನಂಗಾಯ್ತು, ಮಗಳಿಗೆ?' ಅವನಿಗೂ ನಗು ಬಂದು ಇನ್ನೊಂದು ಹಿಡಿ. ನೀನು ನಾಚಿಕೆಯಿಂದ ನಾಲ್ಕು ಅಂಗಡಿ ಮುಂದೆ ಹೋಗಿ ಬತ್ತಾಸು ನೋಡೋಳ ಹಾಗೆ ನಿಂತಿರ್ತಿದ್ದೆ.

ಕಳೆದ ವರ್ಷ ಆ ಕೊನೇ ಸೋಮವಾರ ಅವರು ಕೊಂಡ ಕಾಯಿ ಹಸಿಯದು. ಹಸಿ ಕಾಯಿ ಎರಡು ಬಿಸಿಲು ಕಾಣಿಸದೆ ಡಬ್ಬಿಗೆ ಹಾಕಿ ಮುಚ್ಚಿದರೆ ಬೂಸ್ಟು ಹಿಡಿಯದೆ ಬಿಡತ್ತಾ? ಆ ವಾರ ಅದನ್ನ ಬಿಸಿಲಿಗೆ ಹರಡೋ ಸ್ಥಿತಿ ಯಾರಿಗಿತ್ತು ಹೇಳು. ನಿಮ್ಮನೆಯವರು ಪಾಪ, ವಾಸನೆ ಬಂತು ಅಂತ ಕಸದವನಿಗೆ ಹಾಕಿಬಿಟ್ಟರು. ನೀನು ಅವರ ಹತ್ತಿರ ಮಾತು ಬಿಟ್ಟೆ. ಅವರು ನಮ್ಮನೆ ಗೇಟಿನ ಹತ್ತಿರ ಬಂದು 'ಹಾಳಾದ ಕಡಲೆಕಾಯಿಗೆ ಇಷ್ಟು ಕೋಪಾನಾ' ಅಂತ ನನ್ನ ಕೇಳಿದರು. ಕಡಲೆಕಾಯಿಗಲ್ಲ, ಕೊಸರಿಗೆ ಅಂದೆ. ಅರ್ಥ ಆಯ್ತೋ ಇಲ್ವೋ, ತಲೆಯಾಡಿಸಿ ಹೋದರು.

ಎಲ್ಲಿಗೋ ಹೋದೆ. ತಿಥಿ ವಿಷಯ ತಾನೇ ಹೇಳ್ತಿದ್ದಿದ್ದು? ನಿಮ್ಮಣ್ಣನಿಗೆ ಈ ಒಂದು ವರ್ಷ ಕೈತುಂಬ ಕೆಲಸ ಇತ್ತು. ತಿಂಗಳು ತಿಂಗಳು ಆ ದ್ವಾದಶಿ ಬಂದಾಗ ಮಾಸಿಕ. ಮಧ್ಯೆ ಊನಗಳು ಬೇರೆ. ತಿಂಗಳು ತುಂಬೋಕೆ ಮುಂಚೆ ಒಂದು, ಒಂದೂವರೆ ತಿಂಗಳಿಗೆ ಒಂದು, ಆರು ತಿಂಗಳ ಒಳಗೆ ಒಂದು, ವರ್ಷ ತುಂಬೋ ಮುಂಚೆ ಊನಾಬ್ದಿಕ. ಎಲ್ಲ ಸೇರಿ ಹದಿನಾರು. ಅದಾದ ಮೇಲೆ ಆಬ್ದಿಕ. ಆಚಾರ್ಯರಿಗೆ ಫೋನು ಮಾಡು, ದರ್ಭೆ ತಾ, ಎಳ್ಳು ತಾ, ಬಾಳೆ ಎಲೆಗೆ ಹೇಳು. ದುಃಖಕ್ಕೆ ಒಂದು ವೇಳಾಪಟ್ಟಿ ಇತ್ತು ಅವನಿಗೆ. ಮನೇಲಿ ಹಬ್ಬ ಇಲ್ಲ, ಯಾರ ಮನೆ ಶುಭಕಾರ್ಯಕ್ಕೂ ಹೋಗೋ ಹಾಗಿಲ್ಲ. ಯಾಕೆ ಮಂಕಾಗಿದೀಯ ಅಂತ ಅವನನ್ನ ಯಾರೂ ಕೇಳಲಿಲ್ಲ, ಕೇಳೋ ಅಗತ್ಯವೇ ಇರಲಿಲ್ಲ.

ನಿನಗೆ? ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದ ಮಗಳಿಗೆ ಶಾಸ್ತ್ರ ಕೊಟ್ಟಿರೋದು ಮೂರು ದಿನ. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಬಂದರೆ ಆಯ್ತು, ಶುದ್ಧ. ಯುಗಾದಿಗೆ ನಿಮ್ಮನೇಲಿ ಒಬ್ಬಟ್ಟು ತಟ್ಟಲೇಬೇಕಾಯ್ತು, ನಿಮ್ಮತ್ತೆಯವರು ತಪ್ಪೇನೂ ಆಡಲಿಲ್ಲ, ಅವರ ಮನೆಗೆ ಸೂತಕ ಎಲ್ಲಿತ್ತು? ನಂಗೆ ಒಂದು ತಟ್ಟೆ ಕೊಡೋಕೆ ಗೋಡೆ ಹತ್ತಿರ ಬಂದಾಗ ನಿನ್ನ ಕಣ್ಣು ಕೆಂಪಗಿತ್ತು. ಒಲೆ ಹೊಗೆ ಅಂದೆ. ನಿಮ್ಮನೇಲಿ ಗ್ಯಾಸ್ ಬಂದು ನಲವತ್ತು ವರ್ಷ ಆಗಿರಬೇಕು, ಅಲ್ವಾ?

ಆಗಸ್ಟಿನಲ್ಲಿ ಗೌರಿ ಹಬ್ಬ ಬಂತಲ್ಲ, ಅದು ಯುಗಾದಿಗಿಂತ ಕಷ್ಟ ಅಂತ ನಂಗನಿಸಿತ್ತು. ಅದು ತವರಿನ ಹಬ್ಬ ನೋಡು. ವರ್ಷಾ ವರ್ಷಾ ಮೊರದ ಬಾಗಿನದ ಜೊತೆ ಒಂದು ಕವರಲ್ಲಿ ಅರಿಶಿನ ಕುಂಕುಮದ ದುಡ್ಡಿಟ್ಟು, 'ಬಳೆ ತೊಟ್ಕೋ, ಮನೆ ಖರ್ಚಿಗೆ ಸೇರಿಸ್ಬೇಡ' ಅಂತ ಚೀಟಿ ಬರೀತಿದ್ದರಲ್ಲ. ಈ ಸಲ ಅಣ್ಣನ ಮನೇಲಿ ಹಬ್ಬವೇ ಇಲ್ಲ, ಬಾಗಿನ ಎಲ್ಲಿಂದ ಬರಬೇಕು. ನೀನು ಗಾಂಧಿಬಜಾರಿನಲ್ಲಿ ನಿಂತು ನೀನೇ ಮೊರ ಕೊಂಡೆ. ನಾನೂ ಜೊತೇಲಿದ್ದೆ, ಹೂವಿನವಳ ಹತ್ತಿರ ಸೇವಂತಿಗೆ ಮೊಳ ಹಾಕಿಸೋದರಲ್ಲಿ ಮುಳುಗಿದ ಹಾಗೆ ನಟಿಸಿದೆ. ಏನು ಹೇಳಬೇಕಿತ್ತು? 'ಮುಂದಿನ ವರ್ಷ ಅಣ್ಣ ಕೊಡ್ತಾನೆ ಬಿಡು' ಅನ್ನೋದಾ? ಕೊಡ್ತಾನೆ, ಖಂಡಿತ. ಚೀಟಿ ಬರೆಯೋದಿಲ್ಲ, ಅಷ್ಟೇ.

ಇನ್ನು ಅಡಿಗೆ ವಿಷಯ. ತಿಥಿ ದಿನ ಎಲೆ ಮುಂದೆ ಕೂತಾಗ ನಂಗೆ ಒಳಗೊಳಗೇ ನಗು. ಮೆಣಸಿನಕಾಯಿ ಬದಲು ಕಾಳುಮೆಣಸು, ಬಾಳೆಕಾಯಿ ಪಲ್ಯ, ಹಾಗಲಕಾಯಿ, ಉದ್ದಿನ ವಡೆ, ಎಳ್ಳುಂಡೆ. ಎಲ್ಲ ಅಚ್ಚುಕಟ್ಟು. ಈರುಳ್ಳಿ ಬೆಳ್ಳುಳ್ಳಿ ಬಿಡು, ಟೊಮ್ಯಾಟೊ, ಕ್ಯಾರೆಟ್ಟು, ಕೋಸು ಯಾವುದೂ ಒಳಗೆ ಬರೋ ಹಾಗಿಲ್ಲ. ಯಾರ ಹೆಸರಲ್ಲಿ ಇಷ್ಟು ಅಡಿಗೆ ಆಯ್ತೋ ಅವರ ಪ್ರಾಣ ಇದ್ದದ್ದು ಸಣ್ಣ ಈರುಳ್ಳಿ ಹುಳಿ ಮೇಲೆ! ಹಾಗಲಕಾಯಿ ಕಂಡರೆ ಮುಖ ಸಿಂಡರಿಸ್ತಿದ್ದ ಹೆಂಗಸು. ವಡೆ ಒಂದು ಮಾತ್ರ ಅವರಿಗೆ ಒಪ್ಪಿಗೆ ಇದ್ದಿರಬೇಕು. ಟೆರೇಸಿನ ಮೇಲೆ ಇಟ್ಟ ಎಲೆಗೆ ಕಾಗೆ ಬಂತಲ್ಲ, ಅನ್ನ ಮುಟ್ಟದೆ ವಡೆ ಕಚ್ಚಿಕೊಂಡು ಮನೆ ಹಿಂದಿನ ತೆಂಗಿನಮರಕ್ಕೆ ಹಾರಿತು. ನಿಮ್ಮತ್ತಿಗೆ ಕೈಮುಗಿದು, 'ಅತ್ತೆ ಬಂದರು' ಅಂದರು. ನಿಮ್ಮಣ್ಣ, 'ಅನ್ನ ಬಿಟ್ಟಿದೆಯಲ್ಲ, ಮತ್ತೆ ಬರತ್ತಾ' ಅಂತ ಕಾಯ್ತಾ ನಿಂತ. ನಾನು ನಿನ್ನ ಮುಖ ನೋಡಿದೆ, ನೀನು ನನ್ನ ಮುಖ ನೋಡಿದೆ. ಊಟಕ್ಕೆ ಕರೆದಾಗೆಲ್ಲ ಮೊದಲು ವಡೆ ಪಾತ್ರೆ ಮುಚ್ಚಳ ತೆಗೀತಿದ್ದೋರು ಅವರೇ ತಾನೇ?

ಅದಕ್ಕೇ ನಂಗನಿಸಿದ್ದು ಇಷ್ಟು ಕಣೇ. ತಿಥಿ ಅಣ್ಣನದು, ಅದಕ್ಕೆ ಮಡಿ ಇದೆ, ಮಂತ್ರ ಇದೆ, ಏನು ಬೇಯಿಸಬೇಕು ಅನ್ನೋ ನಿಯಮ ಇದೆ. ತಾರೀಖಿಗೆ ಯಾವ ನಿಯಮವೂ ಇಲ್ಲ. ಇವತ್ತಿನ ದಿನ ನಿನ್ನದು. ಈರುಳ್ಳಿ ಹುಳಿ ಮಾಡು. ಕೊತ್ತಂಬರಿ ಬೀಜ, ಇಂಗು, ಕೊಬ್ಬರಿ ಹುರಿದು, ಸಣ್ಣ ಈರುಳ್ಳಿ ಇಡೀದಾಗಿ ಎಣ್ಣೇಲಿ ಬಾಡಿಸಿ, ಅವರು ಮಾಡ್ತಿದ್ದ ಹಾಗೇ. ಸಿಪ್ಪೆ ಬಿಡಿಸೋವಾಗ ಕಣ್ಣಲ್ಲಿ ನೀರು ಬಂದರೆ ಈ ಸಲ ಹೊಗೆಯ ನೆಪ ಬೇಕಿಲ್ಲ. ಅಳು ಬರದಿದ್ದರೂ ತಪ್ಪೇನಿಲ್ಲ. ಬೇಡ ಅನಿಸಿದರೆ ಮಾಡಬೇಡ, ನಾನು ಮಾಡಿ ಕಳಿಸ್ತೀನಿ. ನನ್ನ ಹುಳಿ ನೀರಾಗಿರತ್ತೆ ಅಂತ ನಿಮ್ಮಮ್ಮ ಹೇಳಿದ್ದು ಗೊತ್ತಿದ್ದೂ ಹೇಳ್ತಿದೀನಿ.

ಇನ್ನೊಂದು ಮಾತು. ಅವತ್ತು ಬಂದವರೆಲ್ಲ 'ದೇವರಂಥ ಹೆಂಗಸು' ಅಂದರು. ಕೇಳಿ ಕೇಳಿ ಯಾರ ಬಗ್ಗೆ ಹೇಳ್ತಿದಾರೆ ಅಂತ ಅನುಮಾನ ಬಂತು ನಂಗೆ. ನಮ್ಮ ಬಸವನಗುಡಿಯ ಡಿವಿಜಿಯವರ ಜ್ಞಾಪಕ ಚಿತ್ರಶಾಲೆ ಓದಿದೀಯಲ್ಲ, ಅದರಲ್ಲಿ ದಿವಾನರಿಗೆ ಒಂದು ಸಂಪುಟ ಇದ್ದರೆ, 'ಹೃದಯ ಸಂಪನ್ನರು' ಅಂತ ಊರಿಗೆ ಹೆಸರು ಗೊತ್ತಿಲ್ಲದ ಸಾಧಾರಣ ಜನರಿಗೂ ಒಂದು ಸಂಪುಟ ಇದೆ. ಅವರ ಊಟ, ಮಾತು, ಹಟ, ತಮಾಷೆ ಎಲ್ಲ ಇಟ್ಟುಕೊಂಡು ಬರೆದಿದಾರೆ, ಅದಕ್ಕೇ ಆ ಜನ ಇವತ್ತಿಗೂ ಕಣ್ಣಮುಂದೆ ಬರ್ತಾರೆ. ನೀನು ಪುಸ್ತಕ ಬರಿ ಅಂತ ಹೇಳ್ತಿಲ್ಲ ಮಾರಾಯ್ತಿ. ಲೆಕ್ಕದ ಡೈರಿಯ ಹಿಂದಿನ ಹಾಳೇಲಿ ಗೀಚಿಡು. ಸೆರಗು ಒಡ್ಡಿದ್ದು, ಚೀಟಿ ಬರೆದದ್ದು, ನನ್ನ ಹುಳಿಗೆ ಹೆಸರಿಟ್ಟದ್ದು. ಮೊಮ್ಮಕ್ಕಳು ದೊಡ್ಡವರಾದಾಗ 'ದೇವರಂಥೋಳು' ಅನ್ನೋದು ಅವರಿಗೆ ಯಾವ ಕೆಲಸಕ್ಕೂ ಬರಲ್ಲ, 'ಮಗಳಿಗೆ?' ಅಂತ ಕೊಸರು ಕೇಳಿದ್ದು ಬರತ್ತೆ.

ಹಾಂ, ಮರೆತಿದ್ದೆ. ಪಂಚಾಂಗ ಮುಂದಕ್ಕೆ ತಿರುವಿ ನೋಡಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರತ್ತೆ, ಅಂದರೆ ಒಂದು ತಿಂಗಳು ಹೆಚ್ಚು. ಕಾರ್ತಿಕ ಬಹುಳ ದ್ವಾದಶಿ ಮುಂದಕ್ಕೆ ಸರಿದು ಡಿಸೆಂಬರ್ 5ರ ಹೊತ್ತಿಗೆ ಬೀಳತ್ತೆ. ನವೆಂಬರ್ 27 ಅದಕ್ಕೆ ಒಂದು ವಾರ ಮುಂಚೆಯೇ ಬಂದುಬಿಡತ್ತೆ. ಅಂದರೆ ಬರೋ ವರ್ಷ ಮೊದಲು ನಿನ್ನ ಸರದಿ, ಆಮೇಲೆ ನಿಮ್ಮಣ್ಣಂದು. ಈಗಲೇ ಅವನಿಗೆ ಹೇಳೋಕೆ ಹೋಗಬೇಡ, ಆಚಾರ್ಯರನ್ನ ಕೇಳಿ ಅದಕ್ಕೂ ಒಂದು ಪರಿಹಾರ ಹುಡುಕಿಬಿಟ್ಟಾನು.